ನೀರು ಒಳಗೆ ಹೋಯ್ತಾ, ಹೊರಗೆ ಬಂತಾ? ಆಸ್ಮಾಸಿಸ್ ಉತ್ತರದಲ್ಲಿ ದಿಕ್ಕು ತಪ್ಪಿದ್ದನ್ನು ಹಿಡಿಯುವ ಬಗೆ

ವಿಜಯನಗರದ ನಮ್ಮ ಮನೆಯಲ್ಲಿ ಸಂಜೆ ಹೊತ್ತು ಬಿಎಸ್ಸಿ ಮಕ್ಕಳಿಗೆ ಬಾಟನಿ ಹೇಳಿಕೊಡುತ್ತೇನೆ. ಹೋದ ತಿಂಗಳು ಒಬ್ಬ ಹುಡುಗಿ ಟೆಸ್ಟ್ ಪೇಪರ್ ತಂದು ಟೇಬಲ್ ಮೇಲೆ ಇಟ್ಟಳು. "ಮ್ಯಾಮ್, ಇದಕ್ಕೆ ಯಾಕೆ ಸೊನ್ನೆ? ರೂಲ್ ಪ್ರಕಾರಾನೇ ಬರೆದಿದ್ದೀನಿ ಅಲ್ವಾ?"

ಪ್ರಶ್ನೆ ಚಿಕ್ಕದು. ಒಂದು ಸಸ್ಯಕೋಶ ಇದೆ. ಅದರ ದ್ರಾವ್ಯದ ಪೊಟೆನ್ಷಿಯಲ್ −0.8 ಮೆಗಾಪ್ಯಾಸ್ಕಲ್, ಒತ್ತಡದ ಪೊಟೆನ್ಷಿಯಲ್ +0.5. ಅದನ್ನು −0.5 ಇರುವ ಸಕ್ಕರೆ ದ್ರಾವಣದಲ್ಲಿ ಇಟ್ಟರೆ ನೀರು ಯಾವ ಕಡೆ ಹೋಗುತ್ತದೆ? ಅವಳು ಬರೆದದ್ದು ಇಷ್ಟು: "ಒಳಗಿನ ರಸ −0.8, ಹೊರಗಿನ ದ್ರಾವಣ −0.5. ಒಳಗಡೆ ದ್ರಾವ್ಯ ಜಾಸ್ತಿ ಇದೆ. ಆದ್ದರಿಂದ ನೀರು ಕೋಶದ ಒಳಗೆ ಹೋಗುತ್ತದೆ."

ಓದಿದರೆ ಸರಿ ಅನ್ನಿಸುತ್ತದೆ. ಭಾಷೆ ನೇರ, ತರ್ಕವೂ ಇದೆ. ಆದರೆ ನೀರು ಹೋಗುವುದು ಹೊರಗೆ. ಇಂಥ ಉತ್ತರ ತಿದ್ದುವಾಗ ಸುಮ್ನೆ ಕೆಂಪು ಗೆರೆ ಎಳೆದು "ಹೊರಗೆ" ಅಂತ ಬರೆದುಬಿಟ್ಟರೆ ಆ ಮಗುವಿಗೆ ಏನೂ ಸಿಗುವುದಿಲ್ಲ. ಮುಂದಿನ ಸಲವೂ ಅಲ್ಲೇ ಎಡವುತ್ತಾಳೆ. ದಿಕ್ಕು ಯಾವ ಜಾಗದಲ್ಲಿ ತಿರುಗಿತು ಅನ್ನುವುದನ್ನು ಹುಡುಕಬೇಕು. ಅದಕ್ಕೆ ನಾನು ಅನುಸರಿಸುವ ದಾರಿಯನ್ನು ಇದೇ ಲೆಕ್ಕ ಹಿಡಿದುಕೊಂಡು ಹೇಳುತ್ತೇನೆ. ನಿಮ್ಮ ಪೇಪರ್ ನೀವೇ ನೋಡಿಕೊಳ್ಳುವುದಕ್ಕೂ ಆಗುತ್ತದೆ, ಇನ್ನೊಬ್ಬರದ್ದು ತಿದ್ದುವುದಕ್ಕೂ ಆಗುತ್ತದೆ.

ಮೊದಲ ಹೆಜ್ಜೆ: ಕೊನೆಯ ಸಾಲು ಮುಚ್ಚಿ, ಚಿತ್ರ ಬರೆಯಿರಿ

ಉತ್ತರದಲ್ಲಿ "ನೀರು ಒಳಗೆ" ಅಥವಾ "ನೀರು ಹೊರಗೆ" ಅಂತ ಇರುವ ಸಾಲನ್ನು ಬೆರಳಿನಿಂದ ಮುಚ್ಚಿ. ಅದು ಕಣ್ಣಿಗೆ ಬೀಳುತ್ತಿದ್ದರೆ ನಿಮ್ಮ ಮನಸ್ಸೂ ಅದೇ ಕಡೆ ವಾಲುತ್ತದೆ. ಆಮೇಲೆ ಪ್ರಶ್ನೆ ಮಾತ್ರ ನೋಡಿಕೊಂಡು ಒಂದು ದೊಡ್ಡ ಚೌಕ, ಅದರೊಳಗೆ ಒಂದು ಚಿಕ್ಕ ಚೌಕ ಬರೆಯಿರಿ. ಒಳಗಿನದು ಕೋಶ, ಹೊರಗಿನದು ದ್ರಾವಣ. ಕೊಟ್ಟಿರುವ ಪ್ರತಿ ಅಂಕಿಯನ್ನೂ ಅದು ಸೇರಬೇಕಾದ ಚೌಕದಲ್ಲೇ ಬರೆಯಿರಿ. ಯಾವುದನ್ನೂ ಬಿಡಬೇಡಿ.

ನಮ್ಮ ಹುಡುಗಿಯ ಕೈಯಲ್ಲಿ ಇದನ್ನು ಮಾಡಿಸಿದಾಗಲೇ ಅರ್ಧ ವಿಷಯ ಹೊರಬಿತ್ತು. ಒಳಗಿನ ಚೌಕದಲ್ಲಿ −0.8 ಬರೆದಳು, ಹೊರಗೆ −0.5 ಬರೆದಳು. +0.5 ಅನ್ನುವ ಅಂಕಿ ಹಿಡಿದುಕೊಂಡು ಪೆನ್ನು ನಿಂತುಹೋಯಿತು. ಅವಳ ಉತ್ತರದಲ್ಲಿ ಆ ಅಂಕಿ ಎಲ್ಲೂ ಬಂದೇ ಇರಲಿಲ್ಲ. ಪ್ರಶ್ನೆಯಲ್ಲಿ ಕೊಟ್ಟ ಅಂಕಿ ಉತ್ತರದಲ್ಲಿ ಕಾಣದಿದ್ದರೆ ತಪ್ಪು ಹೆಚ್ಚಾಗಿ ಅಲ್ಲೇ ಅಡಗಿರುತ್ತದೆ.

ಇದೇ ಚಿತ್ರ ಇನ್ನೊಂದು ಗೊಂದಲವನ್ನೂ ಬಿಡಿಸುತ್ತದೆ. ಹೈಪರ್‌ಟಾನಿಕ್ ಅನ್ನುವ ಪದ ಬಂದ ಕಡೆಯೆಲ್ಲ "ಯಾವುದು, ಯಾವುದಕ್ಕಿಂತ?" ಅಂತ ಕೇಳಿ. "ಹೈಪರ್‌ಟಾನಿಕ್ ಅಂದರೆ ಕೋಶ ಸುಕ್ಕುತ್ತದೆ" ಅಂತ ಬಾಯಿಪಾಠ ಮಾಡಿದವರು ಪ್ರಶ್ನೆಯಲ್ಲಿ "ಕೋಶರಸ ಹೊರಗಿನದಕ್ಕಿಂತ ಹೈಪರ್‌ಟಾನಿಕ್" ಅಂತ ಇದ್ದರೂ ನೀರನ್ನು ಹೊರಗೇ ಕಳಿಸುತ್ತಾರೆ. ಪದ ಗೊತ್ತು, ಅದನ್ನು ಯಾವ ಚೌಕಕ್ಕೆ ಅಂಟಿಸಬೇಕು ಅಂತ ಗೊತ್ತಿಲ್ಲ.

ಎರಡನೇ ಹೆಜ್ಜೆ: "ಸಾಂದ್ರತೆ" ಕಂಡರೆ, ಯಾವುದರ ಸಾಂದ್ರತೆ ಅಂತ ಕೇಳಿ

"ಹೆಚ್ಚು ಸಾಂದ್ರತೆಯಿಂದ ಕಡಿಮೆ ಸಾಂದ್ರತೆಯ ಕಡೆಗೆ" ಅನ್ನುವ ಸಾಲನ್ನು ನಾವೆಲ್ಲ ಹೈಸ್ಕೂಲಿನಿಂದ ಕೇಳಿಕೊಂಡು ಬಂದಿದ್ದೇವೆ. ವಿಸರಣೆಯ ಪಾಠದಲ್ಲಿ ಅದು ಸರಿಯಾಗೇ ಕೂರುತ್ತದೆ, ಯಾಕೆಂದರೆ ಅಲ್ಲಿ ಚಲಿಸುವ ವಸ್ತು ಮತ್ತು ಸಾಂದ್ರತೆ ಅಳೆಯುವ ವಸ್ತು ಎರಡೂ ಒಂದೇ. ಊದಿನಕಡ್ಡಿಯ ಪರಿಮಳ ಅದು ಜಾಸ್ತಿ ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಹೋಗುತ್ತದೆ, ಅಷ್ಟೆ. ಆಸ್ಮಾಸಿಸ್‌ಗೆ ಬಂದಾಗ, ಅಂದರೆ ಅಭಿಸರಣೆಗೆ ಬಂದಾಗ, ಚಲಿಸುವುದು ನೀರು, ಆದರೆ ಪ್ರಶ್ನೆಯಲ್ಲಿ ಕೊಡುವುದು ಸಕ್ಕರೆಯ ಸಾಂದ್ರತೆ. ಇಲ್ಲಿ ಅದೇ ಸಾಲನ್ನು ಹಾಗೇ ಎತ್ತಿಕೊಂಡರೆ ದಿಕ್ಕು ಪೂರ್ತಿ ತಲೆಕೆಳಗಾಗುತ್ತದೆ.

ಅದಕ್ಕೇ ತಿದ್ದುವಾಗ "ಸಾಂದ್ರತೆ" ಪದದ ಕೆಳಗೆ ಗೆರೆ ಎಳೆದು ಹಿಂದೆ "ಸಕ್ಕರೆಯ" ಅಥವಾ "ನೀರಿನ" ಅಂತ ಒಂದು ಪದ ಸೇರಿಸಿಸಿ. ಉತ್ತರ ಬರೆದವರೇ ಸೇರಿಸಬೇಕು. ಸೇರಿಸಿದ ಮೇಲೆ ಆ ವಾಕ್ಯ ಇನ್ನೂ ನಿಲ್ಲುತ್ತದಾ ನೋಡಿ. "ನೀರು ಸಕ್ಕರೆಯ ಹೆಚ್ಚು ಸಾಂದ್ರತೆಯಿಂದ ಕಡಿಮೆ ಸಾಂದ್ರತೆಗೆ ಹೋಗುತ್ತದೆ" ಅಂತಾದರೆ ತಪ್ಪು ಅವರ ಕಣ್ಣಿಗೇ ಬೀಳುತ್ತದೆ. ನಮ್ಮ ಹುಡುಗಿ ಇಲ್ಲಿ ತಪ್ಪಿರಲಿಲ್ಲ. "ದ್ರಾವ್ಯ ಜಾಸ್ತಿ" ಅಂತ ಸ್ಪಷ್ಟವಾಗಿ ಬರೆದು, ನೀರನ್ನು ಅದರ ಕಡೆಗೇ ಕಳಿಸಿದ್ದಳು. ಹಾಗಾಗಿ ಅವಳ ತಪ್ಪು ಇನ್ನೂ ಒಳಗಡೆ ಇದೆ ಅಂತಾಯಿತು.

ಮೂರನೇ ಹೆಜ್ಜೆ: ಎರಡೂ ಕಡೆಯ ಒಟ್ಟು ಲೆಕ್ಕ ಹಾಕಿ

ನೀರಿನ ದಿಕ್ಕು ನಿರ್ಧಾರವಾಗುವುದು ದ್ರಾವ್ಯದಿಂದ ಮಾತ್ರ ಅಲ್ಲ, ದ್ರಾವ್ಯ ಮತ್ತು ಒತ್ತಡ ಎರಡೂ ಸೇರಿದ ಒಟ್ಟು ವಾಟರ್ ಪೊಟೆನ್ಷಿಯಲ್‌ನಿಂದ.

```
ψ = ψs + ψp
```

ಇದರಲ್ಲಿ `ψs` ದ್ರಾವ್ಯದ ಪಾಲು. ಶುದ್ಧ ನೀರಿಗೆ ಅದು ಸೊನ್ನೆ, ಏನು ಕರಗಿಸಿದರೂ ಮೈನಸ್ ಕಡೆ ಇಳಿಯುತ್ತದೆ. `ψp` ಒತ್ತಡದ ಪಾಲು. ಸಸ್ಯಕೋಶದಲ್ಲಿ ನೀರು ತುಂಬಿ ರಸದಾನಿ ಉಬ್ಬಿದಾಗ ಕೋಶಭಿತ್ತಿ ಅದನ್ನು ವಾಪಸ್ ಒತ್ತುತ್ತದೆ. ಗಾಳಿ ತುಂಬಿದ ಸೈಕಲ್ ಟ್ಯೂಬನ್ನು ಟೈರು ಬಿಗಿಯಾಗಿ ಹಿಡಿದುಕೊಳ್ಳುತ್ತದಲ್ಲ, ಹಾಗೆ. ಆ ಒತ್ತಡ ನೀರನ್ನು ಹೊರಗೆ ತಳ್ಳುವ ಕಡೆಗೆ ಕೆಲಸ ಮಾಡುತ್ತದೆ, ಆದ್ದರಿಂದ ಪ್ಲಸ್.

ಈಗ ಲೆಕ್ಕ:

```
ಕೋಶ:    ψ = −0.8 + 0.5 = −0.3 MPa
ದ್ರಾವಣ:  ψ = −0.5 + 0   = −0.5 MPa
```

ದ್ರಾವಣ ತೆರೆದ ಬೀಕರಿನಲ್ಲಿದೆ, ಅದನ್ನು ಒತ್ತುವ ಗೋಡೆ ಇಲ್ಲ, ಹಾಗಾಗಿ ಅದರ `ψp` ಸೊನ್ನೆ. ಹುಡುಗಿ ಹೋಲಿಸಿದ್ದು −0.8 ಮತ್ತು −0.5. ಹೋಲಿಸಬೇಕಾಗಿದ್ದು −0.3 ಮತ್ತು −0.5. ಅವಳ ನಿಯಮ ಸುಳ್ಳಲ್ಲ, ಒತ್ತಡ ಇಲ್ಲದ ಕಡೆ ಅದು ಸರಿಯಾಗೇ ಕೆಲಸ ಮಾಡುತ್ತದೆ. ಕೆಂಪು ರಕ್ತಕಣಕ್ಕೆ ಗಟ್ಟಿ ಭಿತ್ತಿ ಇಲ್ಲ, ಬಾಡಿದ ಸಸ್ಯಕೋಶದಲ್ಲಿ ಒತ್ತಡ ಹತ್ತತ್ರ ಸೊನ್ನೆ. ಅಲ್ಲೆಲ್ಲ ದ್ರಾವ್ಯ ನೋಡಿ ದಿಕ್ಕು ಹೇಳಬಹುದು. ಉಬ್ಬಿದ ಸಸ್ಯಕೋಶಕ್ಕೆ ಮಾತ್ರ ಆ ಅಡ್ಡದಾರಿ ಹಿಡಿಯಬಾರದು.

ಪ್ರಶ್ನೆಯಲ್ಲಿ ಮೆಗಾಪ್ಯಾಸ್ಕಲ್ ಬದಲು ಮೋಲಾರಿಟಿ ಕೊಟ್ಟಿದ್ದರೆ ಮೊದಲು ಅದನ್ನು ಬದಲಾಯಿಸಿಕೊಳ್ಳಿ.

```
ψs = −i × C × R × T
R = 0.0083 L MPa / (mol K)
```

27 ಡಿಗ್ರಿ ಸೆಲ್ಸಿಯಸ್ ಅಂದರೆ 300 ಕೆಲ್ವಿನ್, ಆಗ `R × T` ಸುಮಾರು 2.49 ಆಗುತ್ತದೆ. ಸಕ್ಕರೆ ಒಡೆಯುವುದಿಲ್ಲ, ಅದಕ್ಕೆ `i` ಒಂದು. 0.2 ಮೋಲಾರ್ ಸಕ್ಕರೆ ದ್ರಾವಣಕ್ಕೆ ಹತ್ತಿರ ಹತ್ತಿರ −0.5 ಬರುತ್ತದೆ, ನಮ್ಮ ಪ್ರಶ್ನೆಯ ದ್ರಾವಣ ಅದೇ. ಅಡುಗೆ ಉಪ್ಪು ಆದರೆ ಎರಡು ಅಯಾನು ಆಗಿ ಒಡೆಯುತ್ತದೆ, ಅದೇ 0.2 ಮೋಲಾರ್‌ಗೆ ಸುಮಾರು −1.0 ಆಗುತ್ತದೆ. ಉಪ್ಪಿನ ಪ್ರಶ್ನೆಯಲ್ಲಿ ದಿಕ್ಕು ತಪ್ಪಿದ್ದರೆ `i` ಮರೆತಿದ್ದಾರಾ ಅಂತ ಮೊದಲು ನೋಡಿ.

ನಾಲ್ಕನೇ ಹೆಜ್ಜೆ: ಮೈನಸ್ ಅಂಕಿಗಳನ್ನು ಸಂಪಿನ ಹಾಗೆ ನೋಡಿ

ಲೆಕ್ಕ ಸರಿ ಮಾಡಿದವರೂ ಇಲ್ಲಿ ಜಾರುತ್ತಾರೆ. −0.5 ದೊಡ್ಡದು, −0.3 ಚಿಕ್ಕದು ಅಂತ ಬರೆದು ದೊಡ್ಡದರಿಂದ ಚಿಕ್ಕದಕ್ಕೆ ನೀರು ಹರಿಸಿಬಿಡುತ್ತಾರೆ. ಮೈನಸ್ ಗುರುತು ಕಣ್ಣಿಗೆ ಬಿದ್ದರೂ ತಲೆಯೊಳಗೆ ಇಳಿದಿರುವುದಿಲ್ಲ.

ನಾನು ಹೇಳುವುದು ಸಂಪಿನ ಲೆಕ್ಕ. ಬೆಂಗಳೂರಿನಲ್ಲಿ ಸಂಪು ಗೊತ್ತಿಲ್ಲದ ಮಕ್ಕಳಿಲ್ಲ. ನಿಮ್ಮ ಮನೆಯ ಸಂಪಿನಲ್ಲಿ ನೀರು ನೆಲಮಟ್ಟಕ್ಕಿಂತ 3 ಅಡಿ ಕೆಳಗಿದೆ, ಪಕ್ಕದ ಮನೆಯ ಸಂಪಿನಲ್ಲಿ 5 ಅಡಿ ಕೆಳಗಿದೆ ಅಂದುಕೊಳ್ಳಿ. ಎರಡರ ತಳಕ್ಕೂ ಸೇರಿಸಿ ಒಂದು ಪೈಪ್ ಹಾಕಿದರೆ ನೀರು ಯಾವ ಕಡೆ ಹೋಗುತ್ತದೆ? ಯಾರೂ ತಪ್ಪು ಹೇಳುವುದಿಲ್ಲ, 5 ಅಡಿ ಕೆಳಗಿರುವ ಕಡೆಗೆ. ನೆಲಮಟ್ಟ ಸೊನ್ನೆ, ಅದೇ ಶುದ್ಧ ನೀರು. −0.3 ಮೇಲಿದೆ, −0.5 ಕೆಳಗಿದೆ. ನೀರು ಮೇಲಿನಿಂದ ಕೆಳಗೆ, ಅಂದರೆ ಕೋಶದಿಂದ ದ್ರಾವಣಕ್ಕೆ. ಪೇಪರ್ ಅಂಚಿನಲ್ಲಿ ಒಂದು ಉದ್ದ ಗೆರೆ ಎಳೆದು, ಮೇಲ್ತುದಿಯಲ್ಲಿ ಸೊನ್ನೆ ಇಟ್ಟು, ಎರಡೂ ಅಂಕಿಗಳನ್ನು ಅವುಗಳ ಜಾಗದಲ್ಲಿ ಗುರುತು ಮಾಡಿಸಿ. ಬಾಣ ಕೆಳಮುಖವಾಗಿ ಮಾತ್ರ ಹಾಕಬೇಕು.

ಇದನ್ನು ಮಾಡಿದ ಮೇಲೆ ಅವಳು ತಾನಾಗೇ ಹೇಳಿದಳು, "ಹಾಗಾದರೆ ಒಳಗೆ ಸಕ್ಕರೆ ಗಿಕ್ಕರೆ ಎಲ್ಲ ಜಾಸ್ತಿ ಇದ್ದರೂ ನೀರು ಹೊರಗೆ ಬರುತ್ತಾ ಮ್ಯಾಮ್?" ಹೌದು, ಬರುತ್ತದೆ. ಒಳಗಿನ ಒತ್ತಡ ಅಷ್ಟಿದೆ.

ಐದನೇ ಹೆಜ್ಜೆ: ನೀರು ಎಲ್ಲಿ ನಿಲ್ಲುತ್ತದೆ ಅಂತ ಕೇಳಿ

ದಿಕ್ಕು ಸರಿ ಹೇಳಿದ ಮೇಲೂ ಇನ್ನೊಂದು ಪ್ರಶ್ನೆ ಕೇಳಿಬಿಡಿ, ಅರ್ಥವಾಗಿದೆಯಾ ಇಲ್ಲವಾ ಅಂತ ಅದರಲ್ಲಿ ಗೊತ್ತಾಗುತ್ತದೆ. ನೀರು ಹೊರಗೆ ಬರುತ್ತಾ ಹೋದರೆ ಕೊನೆಗೆ ಕೋಶ ಏನಾಗುತ್ತದೆ? ಹೆಚ್ಚಿನವರು ಕಣ್ಣುಮುಚ್ಚಿ "ಪ್ಲಾಸ್ಮಾಲಿಸಿಸ್" ಅನ್ನುತ್ತಾರೆ. ಇಲ್ಲಿ ಅದು ಆಗುವುದಿಲ್ಲ.

ಸ್ವಲ್ಪ ನೀರು ಹೊರಗೆ ಬಂದ ಕೂಡಲೇ ಒಳಗಿನ ಒತ್ತಡ ಇಳಿಯುತ್ತದೆ. ಭಿತ್ತಿ ಗಟ್ಟಿ, ಹಾಗಾಗಿ ಕೋಶದ ಗಾತ್ರ ಬಹಳ ಬದಲಾಗುವ ಮೊದಲೇ ಒತ್ತಡ ಬೇಗ ಬೀಳುತ್ತದೆ. ರಸದ ಸಾಂದ್ರತೆ ಅಷ್ಟಾಗಿ ಬದಲಾಗಿಲ್ಲ, `ψs` ಇನ್ನೂ ಸುಮಾರು −0.8 ಅಂತಲೇ ಇಟ್ಟುಕೊಳ್ಳೋಣ. ಒಳಗಿನ ಒಟ್ಟು −0.5 ತಲುಪಿದಾಗ ಎರಡೂ ಕಡೆ ಸಮ. ಅದಕ್ಕೆ ಒತ್ತಡ 0.5ರಿಂದ 0.3ಕ್ಕೆ ಇಳಿದರೆ ಸಾಕು.

```
ಕೊನೆಗೆ: −0.8 + 0.3 = −0.5 MPa
```

ಒತ್ತಡ ಇನ್ನೂ ಉಳಿದಿದೆ. ಕೋಶ ಮೊದಲಿನಷ್ಟು ಬಿಗಿ ಇಲ್ಲ, ಆದರೆ ಬಾಡಿಲ್ಲ. ಕೋಶಪೊರೆ ಭಿತ್ತಿಯಿಂದ ಬಿಡಬೇಕಾದರೆ ಒತ್ತಡ ಸೊನ್ನೆಗೆ ಬಂದು ಅದನ್ನೂ ದಾಟಿ ನೀರು ಹೋಗಬೇಕು. ಅದಕ್ಕೆ ಹೊರಗೆ −0.8ಕ್ಕಿಂತ ಕೆಳಗಿನ ದ್ರಾವಣ ಬೇಕು, ಸಕ್ಕರೆಯಲ್ಲಾದರೆ 0.32 ಮೋಲಾರ್‌ಗಿಂತ ಜಾಸ್ತಿ. ನೀರು ಹೋದ ಹಾಗೆ ರಸವೂ ಸ್ವಲ್ಪ ಗಟ್ಟಿಯಾಗುವುದರಿಂದ ನಿಜವಾದ ಕೋಶದಲ್ಲಿ ಇನ್ನೂ ಒಂದಿಷ್ಟು ಜಾಸ್ತಿಯೇ ಬೇಕಾಗುತ್ತದೆ. ದಿಕ್ಕು ಒಂದು ಪ್ರಶ್ನೆ, ಕೊನೆಯ ಸ್ಥಿತಿ ಇನ್ನೊಂದು ಪ್ರಶ್ನೆ. ಒಂದನ್ನು ಹೇಳಿದ್ದಕ್ಕೆ ಇನ್ನೊಂದು ತಾನಾಗಿ ಬರುವುದಿಲ್ಲ.

ಸಮವಾದ ಮೇಲೆ "ನೀರು ಚಲಿಸುವುದು ನಿಲ್ಲುತ್ತದೆ" ಅಂತ ಬರೆದಿದ್ದರೆ ಅದನ್ನೂ ತಿದ್ದಿ. ನೀರಿನ ಅಣುಗಳು ಎರಡೂ ಕಡೆಗೆ ಓಡಾಡುತ್ತಲೇ ಇರುತ್ತವೆ, ಹೋದಷ್ಟೇ ವಾಪಸ್ ಬರುತ್ತವೆ. ನಿಲ್ಲುವುದು ನಿವ್ವಳ ಚಲನೆ.

ಆರನೇ ಹೆಜ್ಜೆ: ದ್ರಾವ್ಯಕ್ಕೂ ಪೊರೆ ದಾಟಲು ಆಗುತ್ತದಾ ನೋಡಿ

ಇಷ್ಟು ಹೊತ್ತು ನಾವು ಹೇಳಿದ್ದೆಲ್ಲ ಸಕ್ಕರೆ ಪೊರೆ ದಾಟುವುದಿಲ್ಲ ಅನ್ನುವ ನಂಬಿಕೆಯ ಮೇಲೆ ನಿಂತಿದೆ. ದಾಟುವ ದ್ರಾವ್ಯ ಆದರೆ ಕಥೆ ಬೇರೆ. ಕೆಂಪು ರಕ್ತಕಣವನ್ನು 0.9 ಶೇಕಡಾ ಉಪ್ಪಿನ ದ್ರಾವಣದಲ್ಲಿ ಇಟ್ಟರೆ ಹಾಗೇ ಇರುತ್ತದೆ. ಅಷ್ಟೇ ಕಣಗಳಿರುವ ಯೂರಿಯಾ ದ್ರಾವಣದಲ್ಲಿ ಇಟ್ಟರೆ ಯೂರಿಯಾ ಒಳಗೆ ನುಗ್ಗುತ್ತದೆ, ಅದರ ಹಿಂದೆಯೇ ನೀರೂ ಹೋಗುತ್ತದೆ, ಕಣ ಉಬ್ಬಿ ಒಡೆಯುತ್ತದೆ. ಕಾಗದದ ಮೇಲೆ ಎರಡೂ ಕಡೆಯ ಲೆಕ್ಕ ಸಮ ಇದ್ದರೂ ಹೀಗಾಗುತ್ತದೆ.

ವಿಸರಣೆಯ ಪ್ರಶ್ನೆಯಲ್ಲೂ ಇದೇ ತರಹದ ತಪ್ಪು ಬರುತ್ತದೆ. ಡಯಾಲಿಸಿಸ್ ಟ್ಯೂಬಿನೊಳಗೆ ಪಿಷ್ಟ, ಹೊರಗೆ ಅಯೋಡಿನ್ ಹಾಕಿದ ನೀರು. ಸ್ವಲ್ಪ ಹೊತ್ತಿಗೆ ಒಳಗೆ ಕಡುನೀಲಿ ಆಗುತ್ತದೆ. "ನೀರು ಒಳಗೆ ಹೋಗುವುದರಿಂದ ಅಯೋಡಿನ್ ಹೊರಗೆ ಉಳಿಯುತ್ತದೆ" ಅಂತ ಬರೆದವರನ್ನು ನೋಡಿದ್ದೇನೆ. ಪ್ರತಿ ವಸ್ತುವೂ ತನ್ನದೇ ಇಳಿಜಾರಿನಲ್ಲಿ ಹೋಗುತ್ತದೆ. ಅಯೋಡಿನ್‌ಗೆ ಅಯೋಡಿನ್ ಕಡಿಮೆ ಇರುವ ಕಡೆ ಬೇಕು, ನೀರಿಗೆ ನೀರಿನ ಪೊಟೆನ್ಷಿಯಲ್ ಕಡಿಮೆ ಇರುವ ಕಡೆ ಬೇಕು. ಇಲ್ಲಿ ಎರಡೂ ಒಳಗೇ ಹೋಗುತ್ತವೆ. ಪಿಷ್ಟದ ಅಣು ದೊಡ್ಡದು, ಅದು ದಾಟುವುದಿಲ್ಲ. ಉತ್ತರ ನೋಡುವಾಗ ಒಂದೊಂದು ವಸ್ತುವಿಗೂ ಬೇರೆ ಬೇರೆ ಬಾಣ ಹಾಕಿಸಿ.

ಕೊನೆಗೆ ಆಲೂಗಡ್ಡೆಯಲ್ಲಿ ನೋಡಿ

ಅಂಕಿ ಒಪ್ಪಿಕೊಂಡರೂ ಮನಸ್ಸು ಒಪ್ಪದಿದ್ದರೆ ಮನೆಯಲ್ಲೇ ನೋಡಬಹುದು. ಒಂದೇ ಆಲೂಗಡ್ಡೆಯಿಂದ ಬೆರಳಿನಷ್ಟು ಉದ್ದದ, ಒಂದೇ ದಪ್ಪದ ಎರಡು ತುಂಡು ಕತ್ತರಿಸಿ, ಸಿಪ್ಪೆ ಇರಬಾರದು. ಒಂದನ್ನು ರಾತ್ರಿ ಪೂರ್ತಿ ನೀರಿನಲ್ಲಿ ಮುಳುಗಿಸಿ ಫ್ರಿಜ್‌ನಲ್ಲಿ ಇಡಿ. ಇನ್ನೊಂದನ್ನು ತಟ್ಟೆಯ ಮೇಲೆ ಫ್ಯಾನ್ ಕೆಳಗೆ ಬಿಡಿ, ಬಗ್ಗಿಸಿದರೆ ಮುರಿಯದೆ ಮೆತ್ತಗೆ ಬಾಗುವಷ್ಟು. ಒಂದು ಬಿಗಿ ಕೋಶಗಳ ತುಂಡು, ಇನ್ನೊಂದು ಬಾಡಿದ ಕೋಶಗಳ ತುಂಡು.

ಬೆಳಗ್ಗೆ 6.84 ಗ್ರಾಂ ಸಕ್ಕರೆಯನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ, ಆಮೇಲೆ ನೀರು ಸೇರಿಸುತ್ತಾ ಒಟ್ಟು 100 ಮಿಲಿಲೀಟರ್ ಮಾಡಿ. 100 ಮಿಲಿಲೀಟರ್ ನೀರಿಗೆ ಸಕ್ಕರೆ ಹಾಕಿದರೆ ಅದು ಬೇರೆ ದ್ರಾವಣ ಆಗುತ್ತದೆ. ಇದು ನಮ್ಮ 0.2 ಮೋಲಾರ್. ಚಿನ್ನ ತೂಗುವಂಥ ಚಿಕ್ಕ ಡಿಜಿಟಲ್ ತಕ್ಕಡಿ ಇದ್ದರೆ ಒಳ್ಳೆಯದು. ಎರಡೂ ತುಂಡನ್ನು ಟಿಶ್ಯೂ ಪೇಪರಿನಲ್ಲಿ ಒಂದೇ ರೀತಿ ಮೆತ್ತಗೆ ಒರೆಸಿ, ತೂಗಿ, ಬೇರೆ ಬೇರೆ ಲೋಟಗಳಲ್ಲಿ ಇದೇ ದ್ರಾವಣಕ್ಕೆ ಹಾಕಿ. ಎರಡು ಗಂಟೆ ಬಿಟ್ಟು ಮತ್ತೆ ಅದೇ ರೀತಿ ಒರೆಸಿ ತೂಗಿ. ಒರೆಸುವುದರಲ್ಲಿ ಹೆಚ್ಚುಕಡಿಮೆ ಆದರೆ ಮೇಲೆ ಅಂಟಿಕೊಂಡ ನೀರೇ ನಿಮಗೆ ಸುಳ್ಳು ದಿಕ್ಕು ತೋರಿಸುತ್ತದೆ.

ಅವಳು ಮಾಡಿ ಫೋನಿನಲ್ಲಿ ಫೋಟೋ ಕಳಿಸಿದಳು. ನೆನೆಸಿದ ತುಂಡು 6.21 ಗ್ರಾಂ ಇದ್ದದ್ದು 5.86ಕ್ಕೆ ಇಳಿದಿತ್ತು. ಬಾಡಿದ ತುಂಡು 4.40ರಿಂದ 4.73ಕ್ಕೆ ಏರಿತ್ತು. ಆಲೂಗಡ್ಡೆ ಒಂದೇ, ದ್ರಾವಣ ಒಂದೇ. ನೆನೆಸಿದ ತುಂಡಿನ ಕೋಶಗಳಲ್ಲಿ ಒತ್ತಡ ತುಂಬಿತ್ತು, ಅಲ್ಲಿಂದ ನೀರು ಹೊರಗೆ ಬಂತು. ಬಾಡಿದ ತುಂಡಿನಲ್ಲಿ ಒತ್ತಡ ಇಲ್ಲ, ನೀರು ಕಳೆದುಕೊಂಡು ರಸವೂ ಗಟ್ಟಿಯಾಗಿತ್ತು, ಅಲ್ಲಿಗೆ ನೀರು ಒಳಗೆ ಹೋಯಿತು. ನೀವು ಮಾಡಿದಾಗ ಎರಡೂ ತುಂಡಿನ ತೂಕ ಏರಿದ್ದರೆ ದ್ರಾವಣ ತೆಳುವಾಗಿದೆ ಅಥವಾ ರಾತ್ರಿ ನೆನೆಸಿದ್ದು ಸಾಲದು. ಎರಡೂ ಇಳಿದಿದ್ದರೆ ಎರಡನೇ ತುಂಡು ಇನ್ನೂ ಸರಿಯಾಗಿ ಬಾಡಿಲ್ಲ.

ಆಮೇಲೆ ಅವಳು ಅದೇ ಪೇಪರಿನ ಹಿಂದೆ ಉತ್ತರವನ್ನು ಮತ್ತೆ ಬರೆದಳು: "ಕೋಶದ ಒಟ್ಟು ವಾಟರ್ ಪೊಟೆನ್ಷಿಯಲ್ −0.3, ದ್ರಾವಣದ್ದು −0.5. ರಸದಲ್ಲಿ ದ್ರಾವ್ಯ ಹೆಚ್ಚಿದ್ದರೂ ಭಿತ್ತಿಯ ಒತ್ತಡದಿಂದ ಕೋಶದ ಒಟ್ಟು ಮೇಲಿದೆ. ಆದ್ದರಿಂದ ನೀರಿನ ನಿವ್ವಳ ಚಲನೆ ಕೋಶದಿಂದ ಹೊರಕ್ಕೆ. ಒತ್ತಡ ಸುಮಾರು 0.3ಕ್ಕೆ ಇಳಿದಾಗ ಎರಡೂ ಕಡೆ ಸಮವಾಗುತ್ತದೆ, ಪ್ಲಾಸ್ಮಾಲಿಸಿಸ್ ಆಗುವುದಿಲ್ಲ."